ಎರಡು ರೂಪಾಯಿಯ ದಾರಿ ದುಬಾರಿಯಾದಾಗ

ಹಲವು ಕಾರ್ಖಾನೆಗಳ ಸರಕನ್ನು ಹಲವು ಡಿಪೊಗಳಿಗೆ ಅತಿ ಕಡಿಮೆ ವೆಚ್ಚದಲ್ಲಿ ಹಂಚುವ ಸಾರಿಗೆ ಸಮಸ್ಯೆಯ ಲೆಕ್ಕದಲ್ಲಿ ಕೋಷ್ಟಕ ತುಂಬಿದ ಕೂಡಲೇ ಪೆನ್ನು ಕೆಳಗಿಡುವ ವಿದ್ಯಾರ್ಥಿಗಳೇ ಹೆಚ್ಚು. ಅಲ್ಲಿಗೆ ಸಿಕ್ಕಿರುವುದು ಆರಂಭಿಕ ಪರಿಹಾರ ಮಾತ್ರ. ಅದು ಅತಿ ಕಡಿಮೆ ವೆಚ್ಚದ್ದು ಹೌದೋ ಅಲ್ಲವೋ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು. ಬೆಂಗಳೂರಿನ ಮೂರು ಕಡೆ ಕಾರ್ಖಾನೆ, ಮೂರು ಕಡೆ ಡಿಪೊ ಇರುವ ಬಿಸ್ಕತ್ತು ಕಂಪನಿಯೊಂದನ್ನು ಊಹಿಸಿಕೊಳ್ಳೋಣ. ಕೋಷ್ಟಕದ ಮನೆಗಳಲ್ಲಿರುವುದು ಒಂದು ಪೆಟ್ಟಿಗೆ ಸಾಗಿಸಲು ತಗಲುವ ರೂಪಾಯಿ. ಅಂಕಿಗಳು ಅಭ್ಯಾಸಕ್ಕಾಗಿ ಇಟ್ಟುಕೊಂಡವು.

| | ಯಶವಂತಪುರ | ಜಯನಗರ | ಹೆಬ್ಬಾಳ | ಪೂರೈಕೆ |
|---|---|---|---|---|
| ಪೀಣ್ಯ | 2 | 6 | 4 | 40 |
| ಬೊಮ್ಮಸಂದ್ರ | 7 | 5 | 11 | 50 |
| ವೈಟ್‌ಫೀಲ್ಡ್ | 8 | 7 | 6 | 30 |
| ಬೇಡಿಕೆ | 30 | 40 | 50 | 120 |

ಮೊದಲು ಎರಡೂ ಮೊತ್ತ ಸರಿಹೊಂದುತ್ತವೆಯೇ ನೋಡಿ. ಇಲ್ಲಿ ಎರಡೂ 120. ಪೂರೈಕೆ ಹೆಚ್ಚಿದ್ದರೆ ಸೊನ್ನೆ ವೆಚ್ಚದ ಹುಸಿ ಡಿಪೊವನ್ನೂ, ಬೇಡಿಕೆ ಹೆಚ್ಚಿದ್ದರೆ ಹುಸಿ ಕಾರ್ಖಾನೆಯನ್ನೂ ಸೇರಿಸಬೇಕಿತ್ತು.

ಈಗ ಅತಿ ಅಗ್ಗದ ಮನೆಯಿಂದ ತುಂಬುತ್ತಾ ಹೋಗಿ. ಪೀಣ್ಯ–ಯಶವಂತಪುರಕ್ಕೆ 2 ರೂಪಾಯಿ; ಅಲ್ಲಿ 30 ಇಟ್ಟರೆ ಯಶವಂತಪುರ ಮುಗಿಯಿತು. ಪೀಣ್ಯದಲ್ಲಿ ಉಳಿದ 10 ಹೆಬ್ಬಾಳಕ್ಕೆ. ಬೊಮ್ಮಸಂದ್ರದಿಂದ ಜಯನಗರಕ್ಕೆ 40, ವೈಟ್‌ಫೀಲ್ಡ್‌ನಿಂದ ಹೆಬ್ಬಾಳಕ್ಕೆ 30. ಹೆಬ್ಬಾಳಕ್ಕೆ ಇನ್ನೂ 10 ಬೇಕು, ಸರಕು ಉಳಿದಿರುವುದು ಬೊಮ್ಮಸಂದ್ರದಲ್ಲಿ ಮಾತ್ರ. ಹಾಗಾಗಿ 11 ರೂಪಾಯಿಯ ಅತಿ ದುಬಾರಿ ಮನೆಯಲ್ಲೇ ಆ 10 ಕೂರುತ್ತದೆ. ಒಟ್ಟು ವೆಚ್ಚ 60 + 40 + 200 + 180 + 110 = 590.

ಆರಂಭಿಕ ಪರಿಹಾರಕ್ಕಿರುವ ಇನ್ನೊಂದು ದಾರಿಯಾದ ವೋಗೆಲ್ ವಿಧಾನ ಇದನ್ನು ತಪ್ಪಿಸುತ್ತದೆ ಎಂದುಕೊಂಡರೆ, ಅದೂ ಇಲ್ಲ. ಪ್ರತಿ ಅಡ್ಡಸಾಲಿನ, ಪ್ರತಿ ಕಂಬಸಾಲಿನ ಎರಡು ಕನಿಷ್ಠ ವೆಚ್ಚಗಳ ವ್ಯತ್ಯಾಸ ತೆಗೆದರೆ ಯಶವಂತಪುರದ ಕಂಬಸಾಲಿನದ್ದೇ ದೊಡ್ಡದು: 7 − 2 = 5. ಆದ್ದರಿಂದ ಅದೂ ಪೀಣ್ಯದ 30ರಿಂದಲೇ ಆರಂಭಿಸಿ, ಇದೇ ಹಂಚಿಕೆಗೆ ಬಂದು ನಿಲ್ಲುತ್ತದೆ. ವೋಗೆಲ್ ಬಳಸಿದ್ದೇನೆ, ಪರೀಕ್ಷೆ ಬೇಡ ಎನ್ನುವವರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಲಿ.

ಪರೀಕ್ಷೆಗೆ ಮೋಡಿ, ಅಂದರೆ u–v ವಿಧಾನ. ಕಾರ್ಖಾನೆಗೊಂದು u, ಡಿಪೊಗೊಂದು v. ಸರಕಿರುವ ಪ್ರತಿ ಮನೆಯಲ್ಲೂ u + v ಆ ಮನೆಯ ವೆಚ್ಚಕ್ಕೆ ಸಮನಾಗಬೇಕು. ಪೀಣ್ಯದ u ಸೊನ್ನೆ ಎಂದಿಟ್ಟುಕೊಳ್ಳಿ. ಯಶವಂತಪುರದ v 2, ಹೆಬ್ಬಾಳದ್ದು 4 ಆಗುತ್ತದೆ. ಹೆಬ್ಬಾಳದ ಮೂಲಕ ವೈಟ್‌ಫೀಲ್ಡ್‌ನ u 2, ಬೊಮ್ಮಸಂದ್ರದ್ದು 7. ಕೊನೆಗೆ ಜಯನಗರದ v, 5 − 7 = −2. ಋಣ ಸಂಖ್ಯೆ ಬಂತೆಂದು ಗಾಬರಿ ಬೇಡ, u, v ಋಣವಾಗಬಹುದು.

ಇನ್ನು ಖಾಲಿ ಮನೆಗಳಲ್ಲಿ ವೆಚ್ಚದಿಂದ u + v ಕಳೆಯಿರಿ. ಪೀಣ್ಯ–ಜಯನಗರ 8, ವೈಟ್‌ಫೀಲ್ಡ್–ಯಶವಂತಪುರ 4, ವೈಟ್‌ಫೀಲ್ಡ್–ಜಯನಗರ 7. ಬೊಮ್ಮಸಂದ್ರ–ಯಶವಂತಪುರದಲ್ಲಿ ಮಾತ್ರ 7 − (7 + 2) = −2. ಅಂದರೆ ಆ ದಾರಿಯಲ್ಲಿ ಕಳಿಸುವ ಪ್ರತಿ ಪೆಟ್ಟಿಗೆಗೂ 2 ರೂಪಾಯಿ ಉಳಿಯುತ್ತದೆ.

ಆ ಮನೆಗೆ ಕೂಡು ಚಿಹ್ನೆ ಹಾಕಿ, ಸರಕಿರುವ ಮನೆಗಳಲ್ಲಷ್ಟೇ ತಿರುಗುತ್ತಾ ಸುತ್ತು ಬನ್ನಿ: ಬೊಮ್ಮಸಂದ್ರ–ಹೆಬ್ಬಾಳ ಕಳೆ, ಪೀಣ್ಯ–ಹೆಬ್ಬಾಳ ಕೂಡು, ಪೀಣ್ಯ–ಯಶವಂತಪುರ ಕಳೆ. ಕಳೆ ಚಿಹ್ನೆಯ ಮನೆಗಳಲ್ಲಿ 10 ಮತ್ತು 30 ಇವೆ. ಚಿಕ್ಕದಾದ 10ನ್ನು ಸರಿಸಬೇಕು. ಹೆಚ್ಚು ಸರಿಸಿದರೆ ಒಂದು ಮನೆ ಋಣವಾಗುತ್ತದೆ. ಈಗ ಪೀಣ್ಯದಿಂದ ಯಶವಂತಪುರಕ್ಕೆ 20, ಹೆಬ್ಬಾಳಕ್ಕೆ 20. ಬೊಮ್ಮಸಂದ್ರದಿಂದ ಯಶವಂತಪುರಕ್ಕೆ 10. ಉಳಿದೆರಡು ಇದ್ದಲ್ಲೇ ಇರುತ್ತವೆ. ವೆಚ್ಚ 570.

ಪಕ್ಕದ ಪೀಣ್ಯವನ್ನು ಬಿಟ್ಟು ಬೊಮ್ಮಸಂದ್ರದಿಂದ ಊರು ದಾಟಿ ಯಶವಂತಪುರಕ್ಕೆ ಸರಕು ತರುವುದು ವಿಚಿತ್ರವಾಗಿ ಕಾಣಬಹುದು. ಆದರೆ ಪೀಣ್ಯದ ಸರಕು ಹೆಬ್ಬಾಳಕ್ಕೂ ಬೇಕು, ಅಲ್ಲಿ ಅದು 11 ರೂಪಾಯಿಯ ದಾರಿಯನ್ನು ತಪ್ಪಿಸುತ್ತದೆ. ಹೊಸ ಹಂಚಿಕೆಗೆ u, v ಮತ್ತೆ ಹೊಸದಾಗಿ ಬರೆದು ನೋಡಿದರೆ ಖಾಲಿ ಮನೆಗಳಲ್ಲಿ 6, 2, 4, 5 ಬರುತ್ತವೆ. ಋಣ ಇಲ್ಲ, ಆದ್ದರಿಂದ 570ಕ್ಕಿಂತ ಕಡಿಮೆ ಸಾಧ್ಯವಿಲ್ಲ. ಎಲ್ಲೂ ಸೊನ್ನೆಯೂ ಇಲ್ಲದ ಕಾರಣ ಇಷ್ಟೇ ವೆಚ್ಚದ ಇನ್ನೊಂದು ಹಂಚಿಕೆಯೂ ಇಲ್ಲ.

ಸಿಕ್ಕಿಬೀಳುವ ಜಾಗ ಇನ್ನೊಂದಿದೆ. ಕಾರ್ಖಾನೆಗಳು m, ಡಿಪೊಗಳು n ಆದರೆ ಸರಕಿರುವ ಮನೆಗಳು m + n − 1, ಅಂದರೆ ಇಲ್ಲಿ 5 ಇರಲೇಬೇಕು. ಯಶವಂತಪುರಕ್ಕೆ 40, ಹೆಬ್ಬಾಳಕ್ಕೆ 40 ಬೇಡಿಕೆ ಇದ್ದಿದ್ದರೆ ಮೊದಲ ಹಂಚಿಕೆಯಲ್ಲೇ ಪೀಣ್ಯ, ಯಶವಂತಪುರ ಎರಡೂ ಒಟ್ಟಿಗೆ ಮುಗಿದು, ಕೊನೆಗೆ ನಾಲ್ಕೇ ಮನೆ ತುಂಬುತ್ತಿದ್ದವು. ಆಗ u, v ಲೆಕ್ಕ ಅರ್ಧದಲ್ಲೇ ನಿಂತುಬಿಡುತ್ತದೆ. ಒಂದು ಖಾಲಿ ಮನೆಯಲ್ಲಿ ಸೊನ್ನೆಗೆ ಸಮನಾದ ε ಇಟ್ಟು ಮುಂದುವರಿಯಬೇಕು. ಪೀಣ್ಯ–ಹೆಬ್ಬಾಳದಲ್ಲಿ ಇಟ್ಟರೆ ಕೆಲಸ ನಡೆಯುತ್ತದೆ. ವೈಟ್‌ಫೀಲ್ಡ್–ಜಯನಗರದಲ್ಲಿ ಇಟ್ಟರೆ ಬೊಮ್ಮಸಂದ್ರದ ಎರಡು ಮನೆಗಳ ಜೊತೆ ಸೇರಿ ಸುತ್ತು ಮುಚ್ಚಿಕೊಳ್ಳುತ್ತದೆ, ಪೀಣ್ಯ ಮಾತ್ರ ಸಂಪರ್ಕವಿಲ್ಲದೆ ಹಾಗೆಯೇ ಉಳಿಯುತ್ತದೆ.