ಅಮ್ಮನ ಕೈಗಡಿಯಾರ: ಬ್ಯಾಟರಿಯ ಆಯಸ್ಸು, ಸಾಫ್ಟ್‌ವೇರ್‌ನ ಆಯಸ್ಸು

ಮೈಸೂರಿನಲ್ಲಿ ಒಬ್ಬರೇ ಇರುವ ನನ್ನ ಅಮ್ಮನಿಗೆ 2020ರ ಜನವರಿಯಲ್ಲಿ ಆ್ಯಪಲ್ ವಾಚ್ ಸೀರೀಸ್ 4 ಕೊಡಿಸಿದೆ. ಬಿದ್ದರೆ ಗುರುತಿಸುವ ಸೌಲಭ್ಯ ಅದರಲ್ಲಿದೆ ಎಂಬುದೇ ಅದನ್ನು ಕೊಂಡ ಕಾರಣ. ಜೋರಾಗಿ ಬಿದ್ದವರು ಸುಮಾರು ಒಂದು ನಿಮಿಷ ಅಲುಗಾಡದೆ ಇದ್ದರೆ, ಹತ್ತಿರದಲ್ಲಿರುವ ಫೋನಿನ ಮೂಲಕ ತುರ್ತು ಸೇವೆಗೆ ತಾನಾಗಿ ಕರೆ ಹೋಗುತ್ತದೆ, ನಾವು ಬರೆದಿಟ್ಟ ಬಂಧುಗಳಿಗೆ ಸಂದೇಶ ಬರುತ್ತದೆ. ಸೀರೀಸ್ 5 ಆಗಲೇ ಬಂದಿದ್ದರಿಂದ ಹಳೆಯದು ಕಡಿಮೆ ಬೆಲೆಗೆ ಸಿಕ್ಕಿತು. ಆ ಉಳಿತಾಯ ಎಲ್ಲಿ ಕಳೆದುಹೋಯಿತು ಎಂಬುದು ನಾಲ್ಕು ವರ್ಷಗಳ ನಂತರ ತಿಳಿಯಿತು.

ಮೊದಲ ಎರಡು ವರ್ಷ ಯಾವ ತೊಂದರೆಯೂ ಇರಲಿಲ್ಲ. ಬೆಳಿಗ್ಗೆ ಐದೂವರೆಗೆ ಕಟ್ಟಿಕೊಂಡರೆ ರಾತ್ರಿ ಮಲಗುವ ಹೊತ್ತಿಗೆ ಇನ್ನೂ ಕಾಲು ಭಾಗ ಚಾರ್ಜ್ ಉಳಿದಿರುತ್ತಿತ್ತು. 2023ರ ಕೊನೆಗೆ ಅಮ್ಮ, "ಸಂಜೆಯ ಪೂಜೆ ಮುಗಿಯೋ ಹೊತ್ತಿಗೆ ಕೆಂಪು ಗುರುತು ಬರುತ್ತಪ್ಪ" ಎಂದು ಫೋನಿನಲ್ಲಿ ಹೇಳತೊಡಗಿದರು. ಅದು ಬ್ಯಾಟರಿ ಸವೆದದ್ದೋ ಅಥವಾ ಯಾವುದೋ ಆ್ಯಪ್ ಹಿನ್ನೆಲೆಯಲ್ಲಿ ಚಾರ್ಜ್ ತಿನ್ನುತ್ತಿರುವುದೋ ಎಂಬುದನ್ನು ಮೊದಲು ತಿಳಿಯಬೇಕಿತ್ತು, ಏಕೆಂದರೆ ಎರಡಕ್ಕೂ ಪರಿಹಾರ ಬೇರೆ ಬೇರೆ.

ವಾಚಿನ ಸೆಟ್ಟಿಂಗ್ಸ್‌ನಲ್ಲಿ Battery, ಅದರೊಳಗೆ Battery Health ತೆರೆದರೆ Maximum Capacity ಎಂಬ ಶೇಕಡಾವಾರು ಅಂಕಿ ಕಾಣುತ್ತದೆ. ಹೊಸ ಬ್ಯಾಟರಿಗೆ ಹೋಲಿಸಿದರೆ ಈಗ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಂದಾಜು ಅದು. ಆ ಅಂಕಿ ಹೆಚ್ಚುಕಡಿಮೆ ಹಾಗೇ ಇದ್ದು, ಒಂದು ವಾರದಲ್ಲಿ ಇದ್ದಕ್ಕಿದ್ದಂತೆ ಚಾರ್ಜ್ ಬೇಗ ಇಳಿಯತೊಡಗಿದರೆ ನಾನು ಸಾಫ್ಟ್‌ವೇರ್ ಮೇಲೆ ಅನುಮಾನಪಡುತ್ತೇನೆ, ಫೋನಿನಿಂದ ಬೇರ್ಪಡಿಸಿ ಮತ್ತೆ ಜೋಡಿಸಿ ನೋಡುತ್ತೇನೆ. ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತಾ ಬಂದಿದ್ದರೆ ಅದು ಬ್ಯಾಟರಿಯ ಸವಕಳಿ. ಅಮ್ಮನ ವಾಚಿನಲ್ಲಿ ಆ ಅಂಕಿ 2022ರ ಆರಂಭದಲ್ಲಿ 91 ಇದ್ದದ್ದು 2024ರ ಏಪ್ರಿಲ್‌ನಲ್ಲಿ 79ಕ್ಕೆ ಬಂದಿತ್ತು.

ಅಂಕಿಯನ್ನಷ್ಟೇ ನಂಬದೆ ಮೂರು ದಿನ ಮೈಸೂರಿನಲ್ಲಿದ್ದು ಅಳತೆ ಮಾಡಿದೆ. ಹೊಸ ಅಪ್‌ಡೇಟ್ ಹಾಕಿದ ಮೊದಲ ಒಂದೆರಡು ದಿನ ವಾಚು ಒಳಗೊಳಗೇ ಹೆಚ್ಚು ಕೆಲಸ ಮಾಡುವುದರಿಂದ ಆ ದಿನಗಳನ್ನು ಬಿಟ್ಟು, ಬೆಳಿಗ್ಗೆ ನೂರಕ್ಕೆ ನೂರು ತುಂಬಿಸಿ, ಸೆಟ್ಟಿಂಗ್ ಒಂದನ್ನೂ ಬದಲಿಸದೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ, ರಾತ್ರಿ ಎಂಟಕ್ಕೆ ಉಳಿದದ್ದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ. ಮೂರೂ ದಿನ ರಾತ್ರಿ ಎಂಟಕ್ಕೆ ಹತ್ತರ ಆಸುಪಾಸು ಉಳಿಯಿತು. ಎರಡನೆಯ ರಾತ್ರಿ 11 ತೋರಿಸುತ್ತಿದ್ದಾಗ ಅಮ್ಮ ವಾಚಿನಲ್ಲೇ ನನ್ನ ತಂಗಿಯ ಕರೆ ತೆಗೆದುಕೊಂಡರು, ಮಾತು ಮುಗಿಯುವ ಮೊದಲೇ ವಾಚು ಆರಿಹೋಯಿತು. ಹಳೆಯ ಲಿಥಿಯಂ ಬ್ಯಾಟರಿಯ ಒಳಪ್ರತಿರೋಧ ಹೆಚ್ಚಿರುತ್ತದೆ. ಸ್ಪೀಕರ್ ಒಮ್ಮೆಗೇ ಹೆಚ್ಚು ವಿದ್ಯುತ್ ಎಳೆದಾಗ ವೋಲ್ಟೇಜ್ ಕುಸಿದು, ಶೇಕಡಾ ಹತ್ತು ಉಳಿದಿದ್ದರೂ ಯಂತ್ರ ನಿಲ್ಲುತ್ತದೆ. ಆದ್ದರಿಂದ ಸವೆದ ಬ್ಯಾಟರಿಯಲ್ಲಿ ಕೊನೆಯ ಹತ್ತನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈ ಸವಕಳಿ ಅಕಾಲಿಕವೇನೂ ಅಲ್ಲ. ಒಂದು ಸಾವಿರ ಪೂರ್ತಿ ಚಾರ್ಜ್ ಆವರ್ತಗಳ ನಂತರ ಶೇಕಡಾ 80ರವರೆಗೆ ಸಾಮರ್ಥ್ಯ ಉಳಿಯುವಂತೆ ಈ ಬ್ಯಾಟರಿಯನ್ನು ರೂಪಿಸಲಾಗಿದೆ ಎಂದು ತಯಾರಕರೇ ಹೇಳುತ್ತಾರೆ. ಒಟ್ಟು ಶೇಕಡಾ ನೂರು ಖರ್ಚಾದರೆ ಒಂದು ಆವರ್ತ. ದಿನಕ್ಕೆ ಸರಾಸರಿ ಶೇಕಡಾ 80 ಖರ್ಚಾದರೆ ವರ್ಷಕ್ಕೆ 292 ಆವರ್ತಗಳಾಗುತ್ತವೆ, ಸಾವಿರ ಮುಟ್ಟಲು ಸುಮಾರು ಮೂರೂವರೆ ವರ್ಷ ಸಾಕು. ನಮ್ಮದು ನಾಲ್ಕು ವರ್ಷ ದಾಟಿತ್ತು. ಫೋನಿಗಿಂತ ವಾಚಿನಲ್ಲಿ ಇದು ಹೆಚ್ಚು ಕಾಡುವುದಕ್ಕೆ ಬ್ಯಾಟರಿಯ ಗಾತ್ರವೇ ಕಾರಣ. 44 ಮಿ.ಮೀ. ಸೀರೀಸ್ 4ರಲ್ಲಿ ಇರುವುದು 291.8 ಮಿಲಿಆಂಪಿಯರ್-ಅವರ್ ಮಾತ್ರ. ಹೊಸದರಲ್ಲಿ 18 ಗಂಟೆ ಬರಬೇಕಾದದ್ದು 79ಕ್ಕೆ ಇಳಿದಾಗ ಹದಿನಾಲ್ಕು ಗಂಟೆಯಾಗುತ್ತದೆ, ಕಳೆದುಹೋದ ಆ ನಾಲ್ಕು ಗಂಟೆ ನೇರವಾಗಿ ರಾತ್ರಿಯ ಪಾಲಿನದು.

ನಮ್ಮ ಮನೆಯಲ್ಲಿ ರಾತ್ರಿಯೇ ಮುಖ್ಯವಾಗಿತ್ತು. ಅಮ್ಮ ಒಂಬತ್ತೂವರೆಗೆ ವಾಚನ್ನು ಚಾರ್ಜರ್ ಮೇಲಿಟ್ಟು ಹತ್ತಕ್ಕೆ ಮಲಗುತ್ತಿದ್ದರು. ಖಾಲಿಯಾದ ಸೀರೀಸ್ 4 ಪೂರ್ತಿ ತುಂಬಲು ಎರಡು ಗಂಟೆ ಬೇಕು; ಅದಕ್ಕಾಗಿ ಯಾರೂ ಎದ್ದು ಕೂರುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಕತ್ತಲಲ್ಲಿ ಬಚ್ಚಲುಮನೆಗೆ ಹೋಗುವಾಗ, ಬೀಳುವ ಭಯ ಅತಿ ಹೆಚ್ಚಿರುವ ಆ ಹೊತ್ತಿನಲ್ಲಿ, ವಾಚು ಮೇಜಿನ ಮೇಲಿರುತ್ತಿತ್ತು. ಸಮಯ ನೋಡಲು, ಹೆಜ್ಜೆ ಎಣಿಸಲು ಅದು ಇನ್ನೂ ಚೆನ್ನಾಗಿಯೇ ಇತ್ತು. ನಾನು ಕೊಡಿಸಿದ ಕೆಲಸಕ್ಕೆ ಮಾತ್ರ ಉಪಯೋಗವಿಲ್ಲದಂತಾಗಿತ್ತು.

ಬ್ಯಾಟರಿಯನ್ನಷ್ಟೇ ಬದಲಿಸೋಣ ಎಂದು ಮೊದಲು ಯೋಚಿಸಿದೆ. ಒಂದು ರಿಪೇರಿ ಅಂಗಡಿಯಲ್ಲಿ ಕೇಳಿದಾಗ, ಪರದೆ ಬಿಡಿಸಿ ಮತ್ತೆ ಅಂಟಿಸಿದ ಮೇಲೆ ನೀರು ಒಳಹೋಗದೆಂದು ಭರವಸೆ ಕೊಡಲಾರೆವು ಎಂದು ಪ್ರಾಮಾಣಿಕವಾಗಿಯೇ ಹೇಳಿದರು. ಪಾತ್ರೆ ತೊಳೆಯುವಾಗಲೂ ವಾಚು ಬಿಚ್ಚದ ಅಮ್ಮನಿಗೆ ಅದು ಹೊಂದುವಂತಿರಲಿಲ್ಲ. ಅಧಿಕೃತ ಸೇವೆಯ ದಾರಿ ಇತ್ತು, ಆದರೆ ಖರ್ಚು ಮಾಡುವ ಮೊದಲು ಇನ್ನೊಂದು ಲೆಕ್ಕ ಹಾಕಬೇಕಿತ್ತು. ಹೊಸ ಬ್ಯಾಟರಿ ಮೂರು ವರ್ಷ ಬಾಳುತ್ತದೆ ಎಂದಾದರೆ, ವಾಚಿನ ಸಾಫ್ಟ್‌ವೇರ್ ಅಷ್ಟು ಕಾಲ ನಡೆಯುತ್ತದೆಯೇ?

ಈ ಲೆಕ್ಕವನ್ನು ಕೊಂಡ ದಿನದಿಂದ ಹಾಕಬಾರದು, ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ ಹಾಕಬೇಕು. 2017ರ ಸೆಪ್ಟೆಂಬರ್‌ನಲ್ಲಿ ಬಂದ ಸೀರೀಸ್ 3ಕ್ಕೆ 2022ರ ಹೊಸ ಸಾಫ್ಟ್‌ವೇರ್ ಆವೃತ್ತಿ ವಾಚ್‌ಓಎಸ್ 9 ಸಿಗಲಿಲ್ಲ, ಅಂದರೆ ಐದು ವರ್ಷ. ಸಿಗುವುದಿಲ್ಲ ಎಂದು ಆ ವರ್ಷದ ಜೂನ್‌ನಲ್ಲೇ ತಿಳಿದಿದ್ದರೂ ಸೆಪ್ಟೆಂಬರ್‌ವರೆಗೆ ಅದು ಹೊಸದಾಗಿಯೇ ಮಾರಾಟದಲ್ಲಿತ್ತು, ಆ ತಿಂಗಳುಗಳಲ್ಲಿ ಕೊಂಡವರನ್ನು ನೆನೆದರೆ ನನಗೆ ಇಂದಿಗೂ ಬೇಸರವಾಗುತ್ತದೆ. ಸೀರೀಸ್ 4 ಬಂದದ್ದು 2018ರಲ್ಲಿ. ಅದರ ಸರದಿ ಹತ್ತಿರವಾಗಿದೆ ಎಂದು ಅಂದಾಜಿಸಿ ಜೂನ್‌ವರೆಗೆ ಕಾಯ್ದೆ. 2024ರ ಜೂನ್ 10ರಂದು ವಾಚ್‌ಓಎಸ್ 11 ಘೋಷಣೆಯಾದಾಗ ಸೀರೀಸ್ 6 ಮತ್ತು ಅದರ ನಂತರದವುಗಳಿಗಷ್ಟೇ ಅವಕಾಶವಿತ್ತು. ಮಾದರಿಯ ಲೆಕ್ಕದಲ್ಲಿ ಆರು ವರ್ಷ ದೊರೆತಂತಾಯಿತು, ನನಗೆ ದಕ್ಕಿದ್ದು ನಾಲ್ಕೂವರೆಗಿಂತ ತುಸು ಹೆಚ್ಚು. ಒಂದೂವರೆ ವರ್ಷ ಹಳೆಯ ಮಾದರಿ ಕೊಂಡು ಉಳಿಸಿದ ಹಣ ಹೋದದ್ದು ಅಲ್ಲಿಗೆ.

ಹೊಸ ಆವೃತ್ತಿ ಸಿಗದ ದಿನವೇ ವಾಚು ಕೆಡುವುದಿಲ್ಲ. ಬೀಳುವುದನ್ನು ಗುರುತಿಸುವುದು, ಎದೆಬಡಿತ ಎಣಿಸುವುದು ಹಳೆಯ ಆವೃತ್ತಿಯಲ್ಲೂ ನಡೆಯುತ್ತವೆ. ಹೊರಗಿನ ಆ್ಯಪ್‌ಗಳು ಮಾತ್ರ ಒಂದೊಂದಾಗಿ ಹೊಸ ಆವೃತ್ತಿಯನ್ನು ಕಡ್ಡಾಯ ಮಾಡುತ್ತಾ ಹೋಗುತ್ತವೆ. ಬ್ಯಾಟರಿ 90ರ ಮೇಲಿದ್ದಿದ್ದರೆ ನಾನು ಇನ್ನೆರಡು ವರ್ಷ ಹಾಗೇ ನಡೆಸುತ್ತಿದ್ದೆ. ಬೆಂಬಲ ಮುಗಿದ ವಾಚಿಗೆ ಹೊಸ ಬ್ಯಾಟರಿ ಹಾಕಿಸುವುದು ಮಾತ್ರ ನನಗೆ ಸರಿಕಾಣಲಿಲ್ಲ.

ಸೆಪ್ಟೆಂಬರ್‌ನಲ್ಲಿ ಆಗಷ್ಟೇ ಬಂದ ಸೀರೀಸ್ 10 ಕೊಂಡೆ. ಅದಕ್ಕೂ ಘೋಷಿತ ಅವಧಿ 18 ಗಂಟೆಯೇ, ಆದರೆ ಸುಮಾರು ಅರ್ಧ ಗಂಟೆಯಲ್ಲಿ ಶೇಕಡಾ 80 ತುಂಬುತ್ತದೆ. ನನ್ನ ಆಯ್ಕೆ ನಿಂತದ್ದು ಇದರ ಮೇಲೆ. ಅದರೊಂದಿಗೆ ಬಂದ ಕೇಬಲ್ಲಿಗೆ 20 ವ್ಯಾಟಿನ ಅಡಾಪ್ಟರ್ ಜೋಡಿಸಿದೆ, ಏಕೆಂದರೆ ಹಳೆಯ ಕೇಬಲ್ಲಿನಲ್ಲಿ ಈ ವೇಗ ಬರುವುದಿಲ್ಲ. ಅಮ್ಮ ಈಗ ರಾತ್ರಿ ಊಟದ ಹೊತ್ತಿಗೆ ಅದನ್ನು ಚಾರ್ಜ್‌ಗೆ ಇಟ್ಟು, ತಟ್ಟೆ ತೊಳೆದ ಮೇಲೆ ಮತ್ತೆ ಕಟ್ಟಿಕೊಂಡು ಮಲಗುತ್ತಾರೆ. ಮೊದಲು ಚಾರ್ಜರ್ ಬಿಸಿಲು ಬೀಳುವ ಕಿಟಕಿಯ ಕಟ್ಟೆಯ ಮೇಲಿತ್ತು. ಬಿಸಿಯಲ್ಲಿ ಬ್ಯಾಟರಿ ಬೇಗ ಸವೆಯುವುದರಿಂದ ಅದನ್ನು ಅಡುಗೆಮನೆಯ ಒಳಗೋಡೆಗೆ, ಒಲೆಯಿಂದ ದೂರಕ್ಕೆ ಸರಿಸಿದ್ದೇನೆ. ಪ್ರತಿ ಬಾರಿ ಮೈಸೂರಿಗೆ ಹೋದಾಗ ಪರದೆಯ ಅಂಚನ್ನು ಬೆಳಕಿಗೆ ಹಿಡಿದು, ಎಲ್ಲಾದರೂ ಎದ್ದಿದೆಯೇ ಎಂದು ನೋಡುತ್ತೇನೆ. ಎದ್ದಿದ್ದರೆ ಒಳಗೆ ಬ್ಯಾಟರಿ ಉಬ್ಬಿರಬಹುದು, ಒತ್ತಿ ಕೂರಿಸಲು ಹೋಗದೆ ಚಾರ್ಜ್ ಮಾಡುವುದನ್ನು ಆಗಲೇ ನಿಲ್ಲಿಸಬೇಕು. ಹಳೆಯದನ್ನು ಅಮ್ಮನ ಫೋನಿನಿಂದ ಬೇರ್ಪಡಿಸಿ, ಎಲ್ಲ ಮಾಹಿತಿ ಅಳಿಸಿ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಟ್ಟೆ. ಅಡುಗೆಮನೆಯ ಹೊಸ ಕ್ಯಾಲೆಂಡರಿನ ಹಿಂಬದಿಯಲ್ಲಿ ಈಗ ಎರಡು ತಾರೀಖುಗಳಿವೆ: ಈ ಮಾದರಿ ಬಿಡುಗಡೆಯಾದ ದಿನ, ಮತ್ತು Maximum Capacity ಮುಂದೆ ನೋಡಬೇಕಾದ ದಿನ.