ಡೌಟ್ ಕೇಳುವವರೇ ಇಲ್ಲದ ಕ್ಲಾಸು

ನಾನು ಬೆಳಗ್ಗೆ ಕಾಲೇಜಿನಲ್ಲಿ, ಸಂಜೆ ಕೋಚಿಂಗ್ ಸೆಂಟರ್‌ನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಮಕ್ಕಳು ಎಐ ಚಾಟ್‌ಬಾಟ್ ಬಳಸಲು ಶುರು ಮಾಡಿದ ಮೇಲೆ ಎರಡೂ ಕಡೆ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಕಾಪಿ ಹೊಡೆಯುವುದಲ್ಲ. ಕ್ಲಾಸು ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ನಿಲ್ಲುತ್ತಿದ್ದ ಗುಂಪು ಕಾಣೆಯಾಯಿತು. ಮೊದಲು ನೋಟ್ ಬುಕ್ ಹಿಡಿದುಕೊಂಡು ಹತ್ತು ಜನ ನಿಲ್ಲುತ್ತಿದ್ದರು. ಆಮೇಲೆ ಇಬ್ಬರು, ಕೊನೆಗೆ ಯಾರೂ ಇಲ್ಲ. ಪಾಠ ಚೆನ್ನಾಗಿ ಅರ್ಥ ಆಗುತ್ತಿದೆ ಅಂತ ನಾನು ಒಳಗೊಳಗೇ ಹಿಗ್ಗಿದ್ದೂ ಉಂಟು. ಹೋಂವರ್ಕ್ ಕೂಡ ಹಾಗೇ ಬರುತ್ತಿತ್ತು: ಚಿತ್ತಿಲ್ಲ, ಕಾಟಿಲ್ಲ, ಎಲ್ಲಾ ಸರಿ ಉತ್ತರ.

ಹಿಗ್ಗು ಇಳಿಸಿದ್ದು ಒಂದು ಲೆಕ್ಕ. 4 ಕೆಜಿ ತೂಕದ ಪೆಟ್ಟಿಗೆ ನೆಲದ ಮೇಲಿದೆ. ಸ್ಟ್ಯಾಟಿಕ್ ಫ್ರಿಕ್ಷನ್, ಅಂದರೆ ನಿಂತಿರುವಾಗಿನ ಘರ್ಷಣೆಯ ಗುಣಾಂಕ 0.5, ಕೈನೆಟಿಕ್, ಅಂದರೆ ಜಾರುವಾಗಿನದ್ದು 0.4, `g` 10 ಅಂತ ಇಟ್ಟುಕೊಳ್ಳಿ. ಅಡ್ಡಲಾಗಿ 12 ನ್ಯೂಟನ್ ಬಲದಿಂದ ತಳ್ಳಿದರೆ ಘರ್ಷಣೆ ಎಷ್ಟು? ಗರಿಷ್ಠ ಸ್ಟ್ಯಾಟಿಕ್ ಫ್ರಿಕ್ಷನ್ 20 ನ್ಯೂಟನ್. ತಳ್ಳುತ್ತಿರುವುದು ಅದಕ್ಕಿಂತ ಕಡಿಮೆ, ಹಾಗಾಗಿ ಪೆಟ್ಟಿಗೆ ಅಲ್ಲಾಡುವುದಿಲ್ಲ, ಘರ್ಷಣೆಯೂ 12 ನ್ಯೂಟನ್ನೇ. ಎಷ್ಟೋ ವರ್ಷಗಳಿಂದ ಈ ಲೆಕ್ಕ ಕೊಡುತ್ತಿದ್ದೇನೆ. ಅರ್ಧ ಕ್ಲಾಸು ಸುಮ್ನೆ ಸೂತ್ರಕ್ಕೆ ಹಾಕಿ 20 ಅಂತಲೋ 16 ಅಂತಲೋ ಬರೆದುಕೊಂಡು ಬರುತ್ತಿತ್ತು. ಆ ತಪ್ಪು ಹಿಡಿದುಕೊಂಡೇ ನಾನು ಮುಂದಿನ ಪಾಠ ಶುರು ಮಾಡುತ್ತಿದ್ದೆ. ಈ ಸಲ ಬಹುತೇಕ ಎಲ್ಲರದ್ದೂ 12. ಕಾರಣವನ್ನೂ ನಾಲ್ಕು ಸಾಲಿನಲ್ಲಿ ಅಚ್ಚುಕಟ್ಟಾಗಿ ಬರೆದಿದ್ದರು.

ಮರುದಿನ ಫೋನು ಬ್ಯಾಗಿನಲ್ಲಿ ಇಡಿಸಿ, ಅದೇ ಪೆಟ್ಟಿಗೆ, ಅದೇ 12 ನ್ಯೂಟನ್ ಕೊಟ್ಟೆ. ಒಂದೇ ಬದಲಾವಣೆ: ಪೆಟ್ಟಿಗೆ ಈಗಾಗಲೇ ತಳ್ಳುವ ದಿಕ್ಕಿನಲ್ಲೇ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಜಾರುತ್ತಿದೆ. ಜಾರುತ್ತಿರುವ ವಸ್ತುವಿಗೆ ಘರ್ಷಣೆ 16 ನ್ಯೂಟನ್. ತಳ್ಳುವ 12 ಕಳೆದರೆ ಹಿಂದಕ್ಕೆ 4 ನ್ಯೂಟನ್ ಉಳಿಯುತ್ತದೆ. ಪೆಟ್ಟಿಗೆ ನಿಧಾನವಾಗುತ್ತಾ 3 ಸೆಕೆಂಡಿನಲ್ಲಿ, 4.5 ಮೀಟರ್ ಹೋಗಿ ನಿಲ್ಲುತ್ತದೆ. ಕ್ಲಾಸಿನ ಮುಕ್ಕಾಲು ಪಾಲು ಜನ ಮತ್ತೆ 12 ಅಂತಲೇ ಬರೆದಿದ್ದರು. ಒಬ್ಬ ಹುಡುಗನನ್ನು ಕೇಳಿದೆ, "ಯಾಕಪ್ಪಾ 12?" ಅವನು, "ನಿನ್ನೆ 12 ಬಂದಿತ್ತಲ್ವಾ ಮೇಡಂ" ಅಂದ.

ಆಗ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಪತ್ತೇದಾರಿಕೆಗೆ ಇಳಿದೆ. ಎಐ ಬರೆದದ್ದನ್ನು ಹಿಡಿಯುತ್ತೇವೆ ಅನ್ನುವ ಒಂದು ಜಾಲತಾಣಕ್ಕೆ ಲ್ಯಾಬ್ ರಿಪೋರ್ಟುಗಳನ್ನು ಹಾಕಿ ನೋಡಿದೆ. ಅದು ಒಬ್ಬ ಹುಡುಗಿಯ ರಿಪೋರ್ಟನ್ನು ಹೆಚ್ಚುಕಡಿಮೆ ಪೂರ್ತಿ ಯಂತ್ರದ್ದೇ ಅಂದಿತು. ಕರೆಸಿ ಕೇಳಿದಾಗ ಅವಳ ಕಣ್ಣು ತುಂಬಿ ಬಂತು. ಆದರೂ ಬೋರ್ಡಿನ ಹತ್ತಿರ ಹೋಗಿ, ಗ್ರಾಫಿನಲ್ಲಿ ಒಂದು ಬಿಂದು ಯಾಕೆ ದಾರಿ ತಪ್ಪಿದೆ, ಆ ರೀಡಿಂಗ್ ತೆಗೆಯುವಾಗ ಏನಾಗಿತ್ತು ಅಂತ ಪೂರಾ ವಿವರಿಸಿದಳು. ರಿಪೋರ್ಟು ಅವಳದ್ದೇ. ಇಂಗ್ಲಿಷ್ ವ್ಯಾಕರಣ ತಪ್ಪಬಾರದು ಅಂತ ಪುಸ್ತಕದ ವಾಕ್ಯಗಳ ಮಾದರಿಯಲ್ಲೇ ಬರೆದಿದ್ದಳು, ಅಷ್ಟೇ. ಓಪನ್‌ಎಐ ಕಂಪನಿ ಇಂಥದ್ದೇ ತನ್ನ ಸಾಧನವನ್ನು ನಿಖರತೆ ಸಾಲದು ಅಂತ 2023ರಲ್ಲೇ ನಿಲ್ಲಿಸಿತ್ತು. ಅದನ್ನು ನಾನು ಓದಿದ್ದು ಆಮೇಲೆ. ಅವಳ ಹತ್ತಿರ ಕ್ಷಮೆ ಕೇಳಿದೆ. ಆ ಜಾಲತಾಣದ ಕಡೆ ಮತ್ತೆ ತಲೆ ಹಾಕಲಿಲ್ಲ.

ಆದರೆ ಅವಳು ಬೋರ್ಡಿನ ಹತ್ತಿರ ವಿವರಿಸಿದ ಆ ಹತ್ತು ನಿಮಿಷ ಒಂದು ದಾರಿ ತೋರಿಸಿತು. ಬರೆದದ್ದು ಯಾರು ಅಂತ ಹುಡುಕುವುದಕ್ಕಿಂತ ಬರೆದದ್ದರ ಬಗ್ಗೆ ಒಂದು ಪ್ರಶ್ನೆ ಕೇಳುವುದು ಸುಲಭ. ಈಗ ಹೋಂವರ್ಕಿಗೆ ಅಂಕವೇ ಇಲ್ಲ. ಅದರಿಂದ ಒಂದು ಲೆಕ್ಕ ಎತ್ತಿಕೊಂಡು ಒಂದು ಷರತ್ತು ಬದಲಾಯಿಸಿ, ಕ್ಲಾಸಿನ ಮೊದಲ ಎಂಟು ನಿಮಿಷದಲ್ಲಿ ಕಾಗದದ ಮೇಲೆ ಮಾಡಿಸುತ್ತೇನೆ. ಅಂಕ ಅದಕ್ಕೆ. ಸಂಖ್ಯೆ ಮಾತ್ರ ಬದಲಾಯಿಸಿದರೆ ಪ್ರಯೋಜನ ಇಲ್ಲ, ಬಾಯಿಪಾಠವೂ ಪಾಸಾಗುತ್ತದೆ. ನಿಂತದ್ದು ಜಾರುವ ಹಾಗೆ, ಸಮತಟ್ಟು ನೆಲ ಇಳಿಜಾರಾಗುವ ಹಾಗೆ, ಪರಿಸ್ಥಿತಿಯೇ ಬದಲಾಗಬೇಕು.

ಎಐ ಬಳಸಬೇಡಿ ಅಂತ ನಾನು ಹೇಳಲಿಲ್ಲ. ಹೇಳಿದರೂ ಕೇಳುವವರು ಯಾರು? ಬದಲಿಗೆ ಹೀಗೊಂದು ಸೂಚನೆ ಬರೆದುಕೊಟ್ಟೆ, ಮಾತುಕತೆ ಶುರು ಮಾಡುವಾಗ ಅಂಟಿಸಿಕೊಳ್ಳಲಿ ಅಂತ:

```
ನನಗೆ ಪೂರ್ತಿ ಉತ್ತರ ಕೊಡಬೇಡ.
ಮೊದಲು ನಾನು ಎಲ್ಲಿಯವರೆಗೆ ಮಾಡಿದ್ದೇನೆ ಅಂತ ಕೇಳು.
ಒಂದು ಸಲಕ್ಕೆ ಒಂದೇ ಸುಳಿವು ಕೊಡು.
```

ಇದು ಬೇಲಿ ಅಷ್ಟೇ, ಗೋಡೆಯಲ್ಲ. ರಾತ್ರಿ ಹನ್ನೊಂದಕ್ಕೆ ನಿದ್ದೆ ತೂಗುವಾಗ ಇನ್ನೊಂದು ಟ್ಯಾಬ್ ತೆರೆದು ಪೂರ್ತಿ ಉತ್ತರ ತೆಗೆದುಕೊಂಡೆವು ಅಂತ ಮಕ್ಕಳೇ ಒಪ್ಪಿಕೊಂಡಿದ್ದಾರೆ. ಟರ್ಕಿಯ ಹೈಸ್ಕೂಲೊಂದರಲ್ಲಿ ಸುಮಾರು ಸಾವಿರ ಮಕ್ಕಳ ಜೊತೆ ನಡೆದ ಗಣಿತದ ಪ್ರಯೋಗವೂ ಇದಕ್ಕೆ ಹೊಂದುತ್ತದೆ. 2025ರಲ್ಲಿ ಅದು ಪ್ರಕಟವಾಯಿತು. ಮಾಮೂಲಿ ಚಾಟ್‌ಬಾಟ್ ಸಿಕ್ಕವರು ಅಭ್ಯಾಸದ ಲೆಕ್ಕಗಳಲ್ಲಿ ಶೇ. 48ರಷ್ಟು ಮುಂದಿದ್ದರು. ಅದನ್ನು ಕಿತ್ತುಕೊಂಡು ಪರೀಕ್ಷೆ ಇಟ್ಟಾಗ, ಅದು ಸಿಗದೇ ಇದ್ದವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ಸುಳಿವು ಮಾತ್ರ ಕೊಡುವ ಹಾಗೆ ತಯಾರಿಸಿದ ಟ್ಯೂಟರ್ ಬಳಸಿದವರಿಗೆ ಈ ನಷ್ಟ ಬಹುತೇಕ ಆಗಲಿಲ್ಲ. ಹಾಗಂತ ಪರೀಕ್ಷೆಯಲ್ಲಿ ದೊಡ್ಡ ಲಾಭವೂ ಆಗಲಿಲ್ಲ. ನನ್ನ ಕ್ಲಾಸಿನಲ್ಲಿ ಕಂಡದ್ದೂ ಹೆಚ್ಚುಕಡಿಮೆ ಇದೇ.

ನನಗೆ ನಿಜವಾಗಿ ಕೈತಪ್ಪಿ ಹೋಗಿದ್ದದ್ದು ಮಕ್ಕಳ ಡೌಟುಗಳು. ಯಾರು ಎಲ್ಲಿ ಎಡವುತ್ತಾರೆ ಅಂತ ನನಗೆ ತಿಳಿಯುತ್ತಿದ್ದದ್ದು ಆ ಮೇಜಿನ ಪಕ್ಕದ ಗುಂಪಿನಿಂದ. ಅದೆಲ್ಲ ಈಗ ಅವರವರ ಫೋನಿನೊಳಗೆ ನಡೆದು ಅಲ್ಲೇ ಮುಗಿಯುತ್ತದೆ. ಅದಕ್ಕೇ ಒಂದು ಪುಟ್ಟ ನಿಯಮ ಮಾಡಿದೆ. ಎಐಗೆ ನೀವು ಕೇಳಿದ ಮೊದಲ ಪ್ರಶ್ನೆಯನ್ನು ಹೋಂವರ್ಕಿನ ಮೇಲ್ಗಡೆ ಹಾಗೇ ನಕಲು ಮಾಡಿ. ಉತ್ತರ ಬೇಡ, ಪ್ರಶ್ನೆ ಸಾಕು. ಅದಕ್ಕೆ ಅಂಕವೂ ಇಲ್ಲ, ಬೈಗುಳವೂ ಇಲ್ಲ.

ಮೊದಲ ವಾರ ಜಾಸ್ತಿ ಜನ ಬರೆದಿದ್ದು ಒಂದೇ: "ಈ ಲೆಕ್ಕ ಬಿಡಿಸು". ಅದೂ ಒಂದು ಮಾಹಿತಿಯೇ. ಅವರನ್ನು ಕೂರಿಸಿಕೊಂಡು ಲೆಕ್ಕ ಬಿಡಿಸಲಿಲ್ಲ. ಚಿತ್ರ ಬರೆದು ಬಲಗಳನ್ನು ಗುರುತಿಸುವುದನ್ನಷ್ಟೇ ಮಾಡಿಸಿದೆ. ಎಷ್ಟೋ ಜನ ಎಡವುತ್ತಿದ್ದದ್ದು ಅಲ್ಲೇ, ಲೆಕ್ಕಕ್ಕೆ ಕೈ ಹಾಕುವ ಮೊದಲೇ. ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಮೊದಲು ಒಂದು ಗಂಟೆಗೆ ಬೋರ್ಡಿನ ಮೇಲೆ ಆರು ಲೆಕ್ಕ ಮಾಡಿಸುತ್ತಿದ್ದೆ, ಈಗ ಎರಡೋ ಮೂರೋ. ಪೋರ್ಷನ್ ಮುಗಿಯುತ್ತಿಲ್ಲ ಅಂತ ಸಂಜೆಯ ಕಡೆಯವರು ಗೊಣಗಿದರು, ಅವರ ಮಾತೂ ಪೂರಾ ಸುಳ್ಳಲ್ಲ. ಬಿಡಿಸಿದ ಲೆಕ್ಕಗಳು ಎಲ್ಲಿ ಬೇಕಾದರೂ ಸಿಗುತ್ತವೆ, ಅವನ್ನು ಮನೆಗೆ ಬಿಟ್ಟೆ. ಅರವತ್ತು ಜನರ ಕ್ಲಾಸಿನಲ್ಲಿ ಎಲ್ಲರನ್ನೂ ಮಾತಾಡಿಸಲು ಆಗುವುದಿಲ್ಲ. ದಿನಕ್ಕೆ ನಾಲ್ಕೈದು ಜನ, ಅಷ್ಟೇ.

ಎರಡು ತಿಂಗಳಾದ ಮೇಲೆ, ಅವತ್ತು "ನಿನ್ನೆ 12 ಬಂದಿತ್ತಲ್ವಾ" ಅಂದಿದ್ದ ಅದೇ ಹುಡುಗನ ಪುಟದ ಮೇಲ್ಗಡೆ ಹೀಗಿತ್ತು: "ಜಾರುವಾಗ ಘರ್ಷಣೆ 16. ನಿಂತ ಮೇಲೆ 12. ನಿಲ್ಲುವ ಆ ಕ್ಷಣದಲ್ಲಿ ಮಧ್ಯದ 4 ಎಲ್ಲಿಗೆ ಹೋಯಿತು?" ಅದನ್ನು ಓದಿ ಬೋರ್ಡಿನ ಮೇಲೆ ಬರೆದೆ. ಬೆಲ್ ಹೊಡೆದರೂ ಹಿಂದಿನ ಬೆಂಚಿನ ಇಬ್ಬರು ಅವನ ಜೊತೆ ವಾದ ಮಾಡುತ್ತಲೇ ಇದ್ದರು. ಆಮೇಲೆ ಮೂವರೂ ನನ್ನ ಮೇಜಿನ ಹತ್ತಿರ ಬಂದು ನಿಂತರು.