ಹೊಸ ಕಾದಂಬರಿಗೆ 90 ಸೆಕೆಂಡಿನ ವಿಡಿಯೊ: ಕಥೆ ಎಷ್ಟು ಹೇಳಬೇಕು?

ನನ್ನ ಕಾದಂಬರಿಯ ಪರಿಚಯಕ್ಕೆ ನಾನೇ ಮಾಡಿಕೊಂಡ ವಿಡಿಯೊ 90 ಸೆಕೆಂಡಿನದು. ಅವಸರವಿಲ್ಲದೆ ಮಾತಾಡಿದರೆ ಅಷ್ಟರಲ್ಲಿ ಸುಮಾರು 130 ಪದ ಹಿಡಿಸುತ್ತವೆ. ಬರೆಯಲು ಕೂರುವ ಮೊದಲೇ ಪುಸ್ತಕದಲ್ಲಿ ಒಂದು ಗಡಿ ಹಾಕಿಕೊಂಡೆ: 216 ಪುಟಗಳಲ್ಲಿ 40ನೇ ಪುಟದ ಆಚೆಗಿನ ಯಾವ ಸಂಗತಿಯನ್ನೂ ಹೇಳಬಾರದು. ಅಷ್ಟರೊಳಗೆ ಕಥೆ ತನ್ನ ಪ್ರಶ್ನೆಯನ್ನು ಎತ್ತಿರುತ್ತದೆ, ಉತ್ತರ ಇನ್ನೂ ದೂರವಿರುತ್ತದೆ.

ತೀರಿಕೊಂಡ ತಂದೆಯ ಲೆಕ್ಕದ ಪುಸ್ತಕ ಇಟ್ಟುಕೊಂಡು ಅಣ್ಣ ತಂಗಿ ಮನೆ ಪಾಲು ಮಾಡಲು ಕೂರುತ್ತಾರೆ. ಅದರಲ್ಲಿ ಒಂದು ವರ್ಷದ ಹಾಳೆಗಳೇ ಇಲ್ಲ. ವಿಡಿಯೊದಲ್ಲಿ ಹೇಳಿದ ಕಥೆ ಇಷ್ಟೇ. 'ತಂದೆ ಮುಚ್ಚಿಟ್ಟ ಗುಟ್ಟು' ಅಂದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಹಾಳೆ ತೆಗೆದವರು ಯಾರು ಎಂಬುದು ಅಲ್ಲೇ ಗೊತ್ತಾಗಿಬಿಡುತ್ತದೆ. 'ಕೊನೆಯಲ್ಲೊಂದು ತಿರುವಿದೆ' ಎನ್ನುವುದೂ ಬೇಡ. ಓದುಗರು ನಡುವಿನ ಪುಟಗಳನ್ನು ಆ ತಿರುವಿಗಾಗಿ ಕಾಯುತ್ತಲೇ ಓದುತ್ತಾರೆ. ಪುಸ್ತಕ ತೆರೆದು ತೋರಿಸುವಾಗ ಪರಿವಿಡಿಯ ಮೇಲೂ ಕಣ್ಣಿರಲಿ. ವಿಡಿಯೊ ನಿಲ್ಲಿಸಿದವರಿಗೆ ಅಧ್ಯಾಯಗಳ ಹೆಸರೇ ಕಥೆ ಹೇಳಿಬಿಡಬಹುದು.

ಹೊಗಳಿಕೆ ತೆಗೆಯಲು ಮಾಡಿದ್ದು ಸರಳ ಕೆಲಸ. 'ಮನಕಲಕುವ', 'ವಿಶಿಷ್ಟ', 'ಓದಲೇಬೇಕಾದ' ಇಂಥವುಗಳನ್ನೆಲ್ಲ ಹೊಡೆದುಹಾಕಿ, ಆ ಜಾಗದಲ್ಲಿ ನೋಡಿ ತಿಳಿಯಬಹುದಾದ ಸಂಗತಿ ಇಟ್ಟೆ: ಕಥೆ ಹೇಳುವವಳು ತಂಗಿ, ಸಂಭಾಷಣೆ ಧಾರವಾಡದ ಕಡೆಯ ಮಾತಿನಲ್ಲಿದೆ, ಇಡೀ ಕಥೆ ಹನ್ನೊಂದು ದಿನಗಳಲ್ಲಿ ಮುಗಿಯುತ್ತದೆ. ಜೊತೆಗೆ, 'ಘಟನೆಗಳು ಬೇಗ ಬೇಗ ನಡೆಯಬೇಕು ಅನ್ನುವವರಿಗೆ ಇದು ನಿಧಾನ ಅನಿಸಬಹುದು' ಎಂದೂ ಸೇರಿಸಿದೆ. ಪುಸ್ತಕ ಕೊಳ್ಳುವವರಿಗೆ ಇದು ತಿಳಿದಿರಲೇಬೇಕು ಎಂದು ನನ್ನ ನಂಬಿಕೆ.

ಉಳಿದ 25 ಸೆಕೆಂಡು ಪುಸ್ತಕದಿಂದಲೇ ಓದು. ನಾಲ್ಕೈದು ಸಾಲು ಸಾಕು, ಇಬ್ಬರಿಗಿಂತ ಹೆಚ್ಚು ಪಾತ್ರಗಳ ಹೆಸರು ಬರದಿದ್ದರೆ ಒಳ್ಳೆಯದು. ತುಂಬ ಭಾವುಕವಾದ ಭಾಗ ಆರಿಸಿದರೆ ಹಿಂದುಮುಂದು ಗೊತ್ತಿಲ್ಲದವರಿಗೆ ಅದು ಅತಿಯಾಗಿ ಕೇಳಿಸುತ್ತದೆ. ನಾನು ಅಣ್ಣ ತಂಗಿ ಪಾತ್ರೆ ಎಣಿಸುತ್ತ ಮಾತಾಡುವ ಭಾಗ ಓದಿದೆ, ಹಿನ್ನೆಲೆ ಸಂಗೀತವಿಲ್ಲದೆ.

ಚಿತ್ರೀಕರಣಕ್ಕೆ ಫೋನಿನ ಹಿಂಬದಿ ಕ್ಯಾಮೆರಾ ಬಳಸಿ. ಮುಂದಿನ ಕ್ಯಾಮೆರಾ ಕೆಲವು ಫೋನುಗಳಲ್ಲಿ ಕನ್ನಡಿಯಂತೆ ತಿರುಗಿಸಿ ಉಳಿಸುವುದರಿಂದ ಮುಖಪುಟದ ಅಕ್ಷರಗಳು ಉಲ್ಟಾ ಬರುತ್ತವೆ. ಲ್ಯಾಮಿನೇಷನ್ ಹೊಳೆದು ಶೀರ್ಷಿಕೆ ಕಾಣದಿದ್ದರೆ ಪುಸ್ತಕವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ. ಸದ್ದು ಬರದಂತೆ ಫ್ಯಾನ್ ನಿಲ್ಲಿಸಿ. ಕೆಲವು ಎಡಿಟಿಂಗ್ ಆ್ಯಪ್‌ಗಳಲ್ಲಿ ಒತ್ತಕ್ಷರ ಒಡೆದುಹೋಗುತ್ತದೆ. 'ಪುಸ್ತಕ' ಎಂದು ಟೈಪ್ ಮಾಡಿದಾಗ ತ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದರೆ ಫಾಂಟ್ ಬದಲಿಸಿ, ಆಗಲೂ ಸರಿಯಾಗದಿದ್ದರೆ ಆ್ಯಪನ್ನೇ ಬದಲಿಸಿ.

ಹಾಕುವ ಮೊದಲು ಪುಸ್ತಕ ಓದದ ಒಬ್ಬರಿಗೆ ತೋರಿಸಿ, ಮುಂದೇನಾಗಬಹುದು ಎಂದು ಕೇಳಿ. ಉತ್ತರ ಥಟ್ಟನೆ, ಅದೂ ಸರಿಯಾಗಿ ಬಂದರೆ, ಯಾವ ಮಾತಿನಿಂದ ಹಾಗನಿಸಿತು ಎಂದು ಅವರಿಂದಲೇ ತಿಳಿದುಕೊಂಡು ಅದನ್ನು ತೆಗೆಯಿರಿ.